ವಾರಕ್ಕೊಂದು ಹಾಳೆ: ಇಂಕ್‌ಜೆಟ್ ಪ್ರಿಂಟರಿನ ಶಾಯಿ ಲೆಕ್ಕ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ವ್ಯಾಪಾರವು ವರ್ಷವಿಡೀ ಒಂದೇ ಸಮನೆ ನಡೆಯುವಂಥದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಭತ್ತವು ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ನೀರು ದೊರೆತ ವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಎರಡನೆಯ ಬೆಳೆ. ಆ ದಿನಗಳಲ್ಲಿ ದಲಾಲಿ ಅಂಗಡಿಯ ಪ್ರಿಂಟರಿಗೆ ಬಿಡುವಿಲ್ಲ. ಉಳಿದ ತಿಂಗಳುಗಳಲ್ಲಿ ಅದೇ ಪ್ರಿಂಟರ್ ಮೇಜಿನ ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಸುಗ್ಗಿಯ ಮೊದಲ ಲಾರಿ ತುಂಬಿ ನಿಂತಾಗ ಬಿಲ್ಲು ತೆಗೆಯಲು ಹೋದರೆ ಅಕ್ಷರಗಳ ನಡುವೆ ಬಿಳಿ ಗೆರೆಗಳು ಕಾಣಿಸುತ್ತವೆ, ಇಲ್ಲವೇ ಹಾಳೆ ಖಾಲಿಯಾಗಿಯೇ ಹೊರಬರುತ್ತದೆ. ಸರಕಿನ ತೆರಿಗೆ ಬಿಲ್ಲಿಗೆ ಮೂರು ಪ್ರತಿಗಳು ಬೇಕು. ಅವುಗಳಲ್ಲಿ ಒಂದು ಸಾಗಣೆದಾರನ ಕೈ ಸೇರಬೇಕು. ಲಾರಿ ಚಾಲಕನಿಗೆ ಪ್ರಿಂಟರಿನ ಕಥೆ ಬೇಕಿಲ್ಲ.

ಇಂಥ ಸಮಯದಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ: ಗಣಕಯಂತ್ರದ ಪರದೆಯಲ್ಲಿ Head Cleaning ಎಂಬುದನ್ನು ಒತ್ತುವುದು, ಸರಿಹೋಗದಿದ್ದರೆ ಮತ್ತೊಮ್ಮೆ, ಆಮೇಲೆ ಮಗದೊಮ್ಮೆ. ಐದಾರು ಬಾರಿ ಒತ್ತಿದ ಮೇಲೂ ಗೆರೆಗಳು ಉಳಿದಿರುತ್ತವೆ, ಆದರೆ ಟ್ಯಾಂಕಿನ ಶಾಯಿ ಮಾತ್ರ ಇಳಿದಿರುತ್ತದೆ. ಹೀಗೇಕಾಗುತ್ತದೆ ಎಂಬುದನ್ನು ಅರಿಯಲು ಯಂತ್ರದ ಒಳಗೆ ಸ್ವಲ್ಪ ಇಣುಕಬೇಕು.

ಇಂಕ್‌ಜೆಟ್ ಪ್ರಿಂಟರಿನ ಹೆಡ್ಡಿನಲ್ಲಿ ಕೂದಲೆಳೆಗಿಂತ ಸಣ್ಣದಾದ ನೂರಾರು ರಂಧ್ರಗಳಿರುತ್ತವೆ. ಇವೇ ನಾಜಲ್‌ಗಳು. ಶಾಯಿಯ ಬಹುಪಾಲು ನೀರು. ಬೇಗ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್‌ನಂಥ ತೇವ ಹಿಡಿಯುವ ಪದಾರ್ಥಗಳನ್ನು ಬೆರೆಸಿರುತ್ತಾರೆ. ಕೆಲಸವಿಲ್ಲದಾಗ ಹೆಡ್ಡು ಬಲತುದಿಗೆ ಸರಿದು ಒಂದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಆದರೂ ನೀರು ನಿಧಾನವಾಗಿ ಆರುತ್ತಲೇ ಇರುತ್ತದೆ. ಮೊದಲು ನಾಜಲ್‌ನ ಬಾಯಲ್ಲಿರುವ ಶಾಯಿ ಮಂದವಾಗುತ್ತದೆ, ಬಳಿಕ ಅಂಟಾಗುತ್ತದೆ, ಕೊನೆಗೆ ಬಿರಡೆಯಂತೆ ಗಟ್ಟಿಯಾಗುತ್ತದೆ. ನಲವತ್ತು ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಇದು ಕರಾವಳಿಗಿಂತ ಬೇಗ ನಡೆಯುತ್ತದೆ.

ಸ್ವಚ್ಛಗೊಳಿಸುವ ಕ್ರಿಯೆಯಲ್ಲಿ ಆಗುವುದಿಷ್ಟು: ರಬ್ಬರ್ ಮುಚ್ಚಳದ ಕೆಳಗಿನ ಸಣ್ಣ ಪಂಪು ಎಲ್ಲ ನಾಜಲ್‌ಗಳಿಂದಲೂ ಶಾಯಿಯನ್ನು ಹೀರಿ, ಯಂತ್ರದ ತಳದಲ್ಲಿರುವ ಹೀರುಮೆತ್ತೆಗೆ ಕಳುಹಿಸುತ್ತದೆ. ದೋಷವಿರುವುದು ಇಲ್ಲಿಯೇ. ಸೆಳೆತ ಎಲ್ಲ ರಂಧ್ರಗಳ ಮೇಲೂ ಒಟ್ಟಿಗೇ ಬೀಳುತ್ತದೆ, ಆದರೆ ಶಾಯಿ ಹರಿದುಬರುವುದು ತೆರೆದಿರುವ ರಂಧ್ರಗಳಿಂದ. ಹತ್ತು ನಾಜಲ್ ಮುಚ್ಚಿ ನೂರಾರು ತೆರೆದಿದ್ದರೆ, ಸೆಳೆತದ ಬಲವೆಲ್ಲ ತೆರೆದವುಗಳ ಪಾಲಾಗುತ್ತದೆ. ಕಟ್ಟಿದ ಚರಂಡಿಯ ಪಕ್ಕದಲ್ಲಿ ತೆರೆದ ಕಾಲುವೆ ಇದ್ದರೆ ನೀರು ಎತ್ತ ಹರಿಯುವುದೆಂದು ರೈತನಿಗೆ ಹೇಳಬೇಕಾಗಿಲ್ಲ. ಸಾಲದೆಂಬಂತೆ, ಪದೇಪದೇ ಹೀರಿದಾಗ ಕೆಲವೊಮ್ಮೆ ಗಾಳಿಯ ಗುಳ್ಳೆಗಳೂ ಒಳಸೇರಿ, ಚೆನ್ನಾಗಿದ್ದ ನಾಜಲ್‌ಗಳೂ ಕೆಲಸ ನಿಲ್ಲಿಸುತ್ತವೆ.

ವಾರಕ್ಕೊಮ್ಮೆ ಒಂದು ಹಾಳೆ ಮುದ್ರಿಸುವ ರೂಢಿಯು ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ. ಬಾಯಲ್ಲಿ ಮಂದವಾಗತೊಡಗಿದ ಶಾಯಿಯ ಹನಿ ಗಟ್ಟಿಯಾಗುವ ಮೊದಲೇ ಕಾಗದದ ಮೇಲೆ ಬೀಳುತ್ತದೆ, ಅದರ ಜಾಗಕ್ಕೆ ಹೊಸ ಶಾಯಿ ಬರುತ್ತದೆ. ಇದಕ್ಕೆ ಬೇಕಾದ ಶಾಯಿ ಎಷ್ಟು? ಎಪ್ಸನ್ ಕಂಪನಿಯ 003 ಸರಣಿಯನ್ನೇ ಉದಾಹರಣೆಯಾಗಿ ನೋಡಬಹುದು. 65 ಮಿ.ಲೀ. ಕಪ್ಪು ಬಾಟಲಿಯಲ್ಲಿ ಸುಮಾರು 4,500 ಪುಟ, ಮೂರು ಬಣ್ಣದ ಬಾಟಲಿಗಳಿಂದ ಒಟ್ಟಾಗಿ ಸುಮಾರು 7,500 ಪುಟ ಎಂಬುದು ಕಂಪನಿಯ ಅಂದಾಜು. ಭಾಗಿಸಿ ಕೂಡಿದರೆ, ನಾಲ್ಕೂ ಬಣ್ಣಗಳಿರುವ ಒಂದು ಪುಟಕ್ಕೆ 0.04 ಮಿ.ಲೀ. ವಾರಕ್ಕೊಂದರಂತೆ 52 ಪುಟಗಳಿಗೆ ಎರಡು ಮಿ.ಲೀ.ಗಿಂತ ತುಸು ಹೆಚ್ಚು. ಬಾಟಲಿಗೆ 400 ರೂಪಾಯಿ ಎಂದಿಟ್ಟುಕೊಂಡರೂ ವರ್ಷದ ಶಾಯಿಯ ಖರ್ಚು ಹದಿಮೂರು ರೂಪಾಯಿ. ಕಾಗದದ ಖರ್ಚೇ ಅದಕ್ಕಿಂತ ಹೆಚ್ಚು; ಅದಕ್ಕೂ ಒಂದು ಬದಿ ಬಳಸಿದ ಹಾಳೆ ಸಾಕು, ಪಿನ್ನು ಮತ್ತು ಮಡಿಕೆ ಇರಬಾರದು ಅಷ್ಟೆ.

ಸ್ವಚ್ಛಗೊಳಿಸಲು ವ್ಯಯವಾಗುವ ಶಾಯಿಯ ಲೆಕ್ಕ ಖರೀದಿ ಪುಸ್ತಕದಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಎಲ್ಲವೂ ‘ಮುದ್ರಣ ಮತ್ತು ಲೇಖನ ಸಾಮಗ್ರಿ’ ಎಂಬ ಒಂದೇ ಖಾತೆಯಲ್ಲಿ ಬೆರೆತುಹೋಗುತ್ತದೆ. ಆದರೂ ಒಂದು ಸುಳಿವಿದೆ. ಟ್ಯಾಂಕ್ ಮಾದರಿಯ ಅನೇಕ ಪ್ರಿಂಟರುಗಳಲ್ಲಿ Power Cleaning ಎಂಬ ಬಲವಾದ ಕ್ರಿಯೆಯಿದ್ದು, ಅದನ್ನು ಆರಂಭಿಸುವ ಮೊದಲು ಪ್ರತಿ ಟ್ಯಾಂಕೂ ಕನಿಷ್ಠ ಮೂರನೆಯ ಒಂದು ಭಾಗ ತುಂಬಿರಬೇಕೆಂದು ಕೈಪಿಡಿ ವಿಧಿಸುತ್ತದೆ. ಎರಡು ಮಿ.ಲೀ. ಕುಡಿಯುವ ಯಂತ್ರಕ್ಕೆ ಇಂಥ ಷರತ್ತು ಬೇಕಾಗುತ್ತಿರಲಿಲ್ಲ. ನಿಖರವಾಗಿ ತಿಳಿಯಬೇಕೆನ್ನುವವರು ಟ್ಯಾಂಕಿನ ಹೊರಬದಿಗೆ ಸಣ್ಣ ಅಂಟುಪಟ್ಟಿ ಹಚ್ಚಿ, ಶಾಯಿಯ ಮಟ್ಟವನ್ನು ಮೊದಲು ಮತ್ತು ನಂತರ ಗುರುತಿಸಿಕೊಳ್ಳಲಿ. ಗೋದಾಮಿನ ದಾಸ್ತಾನು ಅಳೆಯುವವರಿಗೆ ಇದೇನು ಹೊಸದಲ್ಲ.

ಹೀರುಮೆತ್ತೆಯ ಲೆಕ್ಕ ಇನ್ನೂ ಗಂಭೀರ. ಅದಕ್ಕೊಂದು ಮಿತಿಯಿದೆ, ಯಂತ್ರವು ಅದನ್ನು ಒಳಗೊಳಗೇ ಎಣಿಸುತ್ತಿರುತ್ತದೆ. ಮಿತಿ ಮುಟ್ಟಿದ ದಿನ, ಟ್ಯಾಂಕಿನಲ್ಲಿ ಎಷ್ಟೇ ಶಾಯಿ ಇದ್ದರೂ ಪ್ರಿಂಟರ್ ಮುದ್ರಿಸಲು ನಿರಾಕರಿಸುತ್ತದೆ. ಕೆಲವು ಹೊಸ ಮಾದರಿಗಳಲ್ಲಿ ಈ ಭಾಗವನ್ನು ಬಳಕೆದಾರರೇ ಬದಲಿಸಬಹುದು; ಹಲವು ಮಾದರಿಗಳಲ್ಲಿ ಸೇವಾ ಕೇಂದ್ರಕ್ಕೆ ಒಯ್ಯದೆ ಗತಿಯಿಲ್ಲ. ವಳಕಮದಿನ್ನಿಯಂಥ ಊರಿನಲ್ಲಿ ಅಂಗಡಿ ಇಟ್ಟವರಿಗೆ ಇದು ಪೇಟೆಗೆ ಒಂದು ದಿನದ ಅಲೆದಾಟ.

ವಾರದ ಹಾಳೆಗೆ ಅತ್ಯುತ್ತಮವಾದುದು ಯಂತ್ರದಲ್ಲೇ ಇರುವ Nozzle Check ನಮೂನೆ. ಅದರಲ್ಲಿ ನಾಲ್ಕು ಬಣ್ಣಗಳ ಸಣ್ಣ ಗೆರೆಗಳು ಮಾತ್ರ ಇರುತ್ತವೆ, ಎಲ್ಲ ನಾಜಲ್‌ಗಳೂ ಕೆಲಸ ಮಾಡುತ್ತವೆ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ದಿನವೂ ಬಿಲ್ಲು ಮುದ್ರಿಸುತ್ತೇವೆ, ನಮಗೇಕೆ ಇದು ಎಂದು ಕೆಲವರು ಕೇಳುತ್ತಾರೆ. ಆದರೆ ಬಿಲ್ಲು ಕಪ್ಪು ಮಾತ್ರ. ನೀಲಿ, ಕೆಂಪು, ಹಳದಿ ನಾಜಲ್‌ಗಳು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಹಬ್ಬದ ಕರಪತ್ರ ಮುದ್ರಿಸುವ ದಿನ ಅವುಗಳ ಸ್ಥಿತಿ ಬಯಲಾಗುತ್ತದೆ.

ಒಂದು ವಾರ ಮುದ್ರಿಸಿದ ನಮೂನೆಯಲ್ಲಿ ಹಳದಿಯ ಎರಡು ಗೆರೆಗಳು ತುಂಡಾಗಿವೆ ಎಂದಿಟ್ಟುಕೊಳ್ಳೋಣ. ಒಮ್ಮೆ Head Cleaning ಮಾಡಿ ನಮೂನೆಯನ್ನು ಮತ್ತೆ ಮುದ್ರಿಸಬೇಕು. ಪ್ರತಿ ಬಾರಿಯೂ ಅದೇ ಜಾಗದಲ್ಲಿ ಗೆರೆ ತುಂಡಾಗಿದ್ದರೆ ಅಲ್ಲಿ ಶಾಯಿ ಒಣಗಿದೆ. ಒಮ್ಮೆ ಇಲ್ಲಿ, ಮತ್ತೊಮ್ಮೆ ಅಲ್ಲಿ ತುಂಡಾದರೆ ಅದು ಬಹುಮಟ್ಟಿಗೆ ಗಾಳಿಯ ಗುಳ್ಳೆ; ಇನ್ನಷ್ಟು ಹೀರಿದರೆ ಕೆಡುವುದೇ ಹೊರತು ಸುಧಾರಿಸದು. ಮೂರು ಬಾರಿಯ ನಂತರವೂ ಸರಿಹೋಗದಿದ್ದರೆ ಕನಿಷ್ಠ 12 ಗಂಟೆ ಮುದ್ರಿಸದೆ ಬಿಡಬೇಕೆಂದು ಹಲವು ಕೈಪಿಡಿಗಳು ಹೇಳುತ್ತವೆ. ಆ ಅವಧಿಯಲ್ಲಿ ಗುಳ್ಳೆ ಮೇಲೇರುತ್ತದೆ, ಒಣಗಿದ ಶಾಯಿ ಹೊಸ ಶಾಯಿಯಲ್ಲಿ ಮೆತ್ತಗಾಗುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಬಿಟ್ಟು ಬೆಳಿಗ್ಗೆ ನೋಡಿದರೆ ಶಾಯಿ ಖರ್ಚಿಲ್ಲದೆ ಕೆಲಸವಾಗಿರುವುದು ಅಪರೂಪವಲ್ಲ.

ರೂಢಿಯೊಡನೆ ಇನ್ನೊಂದು ಎಚ್ಚರವೂ ಬೇಕು. ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಿ, ದೀಪ ನಂದಿದ ಮೇಲೆಯೇ ಗೋಡೆಯ ಸ್ವಿಚ್ಚು ತೆಗೆಯಬೇಕು. ಮುದ್ರಣದ ನಡುವೆ ಕರೆಂಟು ಹೋದರೆ ಹೆಡ್ಡು ಮುಚ್ಚಳ ಸೇರದೆ ನಡುದಾರಿಯಲ್ಲಿ ನಿಲ್ಲುತ್ತದೆ, ಒಂದು ರಾತ್ರಿ ಹಾಗೆ ನಿಂತರೆ ವಾರದ ಹಾಳೆಗಳ ಫಲವೆಲ್ಲ ವ್ಯರ್ಥ. ಕರೆಂಟು ಬಂದ ಕೂಡಲೇ ಯಂತ್ರವನ್ನು ಹಚ್ಚಿ, ಗುಂಡಿಯಿಂದ ಆರಿಸಿದರೆ ಹೆಡ್ಡು ತನ್ನ ಜಾಗಕ್ಕೆ ಮರಳುತ್ತದೆ. ಅಕ್ಕಿ ಗಿರಣಿಯ ತೌಡಿನ ಧೂಳು ರಬ್ಬರ್ ಅಂಚಿಗೆ ಅಂಟಿದರೆ ಮುಚ್ಚಳ ಬಿಗಿಯಾಗದು. ಒಂದು ಬಟ್ಟೆಯ ಹೊದಿಕೆ ಇರಲಿ.

ಮಾರ್ಚ್‌ನಿಂದ ಮೇವರೆಗೆ ವಾರಕ್ಕೆ ಎರಡು ಹಾಳೆ ಮುದ್ರಿಸುವುದು ಕ್ಷೇಮ. ಈಗಾಗಲೇ ಪೂರ್ತಿ ಗಟ್ಟಿಯಾದ ನಾಜಲ್‌ಗಳನ್ನು ಈ ರೂಢಿ ತೆರೆಯಲಾರದು. ಇನ್ನು ಬಣ್ಣದ ಅಗತ್ಯವೇ ಇಲ್ಲದೆ, ಸುಗ್ಗಿಯಲ್ಲಿ ಬಿಲ್ಲು ಮಾತ್ರ ತೆಗೆಯುವ ಅಂಗಡಿಯವರು ಮುಂದಿನ ಖರೀದಿಯಲ್ಲಿ ಕಪ್ಪು-ಬಿಳುಪಿನ ಲೇಸರ್ ಪ್ರಿಂಟರಿನ ಬೆಲೆಯನ್ನೂ ವಿಚಾರಿಸಬಹುದು. ಅದರ ಟೋನರ್ ಪುಡಿರೂಪದ್ದು. ಆರು ತಿಂಗಳು ಮುಟ್ಟದಿದ್ದರೂ ಒಣಗಲು ಅದರಲ್ಲಿ ನೀರೇ ಇಲ್ಲ.