ರಕ್ತಹೀನತೆ ಇದ್ದಾಗ ಎಚ್‌ಬಿಎ1ಸಿ ಹೇಳುವ ಸುಳ್ಳು

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರ 38 ವರ್ಷದ ತಾಯಿಯೊಬ್ಬರು ಆಯಾಸವೆಂದು ಸೋಲಾಪುರದಲ್ಲಿ ರಕ್ತ ತಪಾಸಣೆ ಮಾಡಿಸಿಕೊಂಡರೆಂದು ಭಾವಿಸೋಣ. ಎಚ್‌ಬಿಎ1ಸಿ 6.6 ಬಂದಿದೆ. 6.5 ದಾಟಿದರೆ ಮಧುಮೇಹವೆಂಬುದು ರೂಢಿಯ ಮಿತಿ; ಮನೆಯವರು ಆಗಲೇ ಚಹಾದ ಸಕ್ಕರೆ ನಿಲ್ಲಿಸಿದ್ದಾರೆ. ಆದರೆ ಅದೇ ವರದಿಯ ಮೊದಲ ಪುಟದಲ್ಲಿ ಹಿಮೋಗ್ಲೋಬಿನ್ 7.8 ಎಂದಿದೆ. ಅದನ್ನು ಯಾರೂ ಓದಿಲ್ಲ.

ಈ ಪರೀಕ್ಷೆಯು ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ರಕ್ತಕಣವು ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತಾ ಹೋಗುತ್ತದೆ. ಎಷ್ಟು ಪಾಲು ಅಂಟಿದೆಯೆಂಬುದರಿಂದ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಊಹಿಸುತ್ತಾರೆ. ಕಣದ ಆಯುಷ್ಯವೇ ಏರುಪೇರಾದರೆ ಊಹೆಯೂ ತಪ್ಪುತ್ತದೆ.

ಕಬ್ಬಿಣದ ಕೊರತೆಯಲ್ಲಿ ಹೊಸ ಕಣಗಳು ಕಡಿಮೆ ಹುಟ್ಟುತ್ತವೆ, ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹೆಚ್ಚು ದಿನ ರಕ್ತದಲ್ಲಿ ಸುತ್ತಿದ ಕಣಕ್ಕೆ ಹೆಚ್ಚು ಸಕ್ಕರೆ ಅಂಟಿರುತ್ತದೆ. ಹೀಗಾಗಿ ಅಂಕಿ ಸುಳ್ಳಾಗಿ ಏರುತ್ತದೆ. ನಮ್ಮ ಉದಾಹರಣೆಯ ತಾಯಿಗೆ ಮುಟ್ಟಿನ ಅಧಿಕ ಸ್ರಾವವಿದೆ. 6.6 ನಿಜವಾಗಿದ್ದರೆ ಅವರ ಸರಾಸರಿ ಸಕ್ಕರೆ ಸುಮಾರು 143 ಇರಬೇಕಿತ್ತು. ಆದರೆ ಬರಿಹೊಟ್ಟೆಯಲ್ಲಿ 94, ಊಟವಾದ ಎರಡು ಗಂಟೆಗೆ 128 ಬಂದಿದೆ. ಮಾತು ತಾಳೆಯಾಗದು. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟು, ರಕ್ತಸ್ರಾವದ ಕಾರಣ ಹುಡುಕಿ, ರಕ್ತ ಸುಧಾರಿಸಿದ ಮೇಲೆ ಮತ್ತೆ ನೋಡಿದರೆ ಅಂಕಿ 5.8ಕ್ಕೆ ಇಳಿದಿರಬಹುದು. ಮಧುಮೇಹದ ಮಾತ್ರೆ ಬೇಕಾಗಿಯೇ ಇರಲಿಲ್ಲ.

ಇದರ ತಿರುವುಮುರುವು ನನ್ನ ಎಣಿಕೆಯಲ್ಲಿ ಹೆಚ್ಚು ಅಪಾಯಕರ. ಹಳೆಯ ಮಧುಮೇಹಿಯಾದ ಅಜ್ಜನಿಗೆ ಮೂಲವ್ಯಾಧಿಯಿಂದ ಬಹಳ ರಕ್ತ ಹೋಗಿ ಎರಡು ಬಾಟಲಿ ರಕ್ತ ಏರಿಸಿದ್ದಾರೆನ್ನಿ. ಈಗ ಅವರ ನಾಳದಲ್ಲಿ ಹೊಸದಾಗಿ ಹುಟ್ಟಿದ ಎಳೆಯ ಕಣಗಳೂ ಪರರ ಕಣಗಳೂ ಇವೆ. ಅವಕ್ಕೆ ಅಜ್ಜನ ಸಕ್ಕರೆ ಅಂಟಲು ಸಮಯವೇ ಸಿಕ್ಕಿಲ್ಲ. ಬರಿಹೊಟ್ಟೆಯ ಸಕ್ಕರೆ ದಿನವೂ 180 ಇದ್ದರೂ ವರದಿ 6.4 ಎನ್ನಬಹುದು. ಅದನ್ನು ನಂಬಿ ಔಷಧ ಇಳಿಸಿದರೆ ಕಣ್ಣು, ಮೂತ್ರಪಿಂಡಗಳಿಗೆ ಪೆಟ್ಟು. ರಕ್ತ ಏರಿಸಿದ ಸುಮಾರು ಮೂರು ತಿಂಗಳವರೆಗೆ ಈ ಪರೀಕ್ಷೆಯನ್ನು ನೆಚ್ಚಬಾರದು.

ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಬೇರೆ ಬಗೆಯದಾಗಿರುವವರೂ ಇದ್ದಾರೆ. ಕುಡುಗೋಲು ಕಣದ ದೋಷ ನಮ್ಮ ರಾಜ್ಯದ ವಿದರ್ಭದಲ್ಲಿ ಹೆಚ್ಚು. ತಂದೆತಾಯಿ ಇಬ್ಬರಿಂದಲೂ ಅದು ಬಂದಿದ್ದರೆ ಈ ಪರೀಕ್ಷೆ ನಿರರ್ಥಕ. ಒಬ್ಬರಿಂದ ಮಾತ್ರ ಬಂದಿದ್ದರೆ ಯಂತ್ರದ ವಿಧಾನವನ್ನು ಅವಲಂಬಿಸಿ ಅಂಕಿ ಸರಿಯೂ ಇರಬಹುದು, ತಪ್ಪೂ ಇರಬಹುದು.

ಇಂಥವರಿಗೆ ಫ್ರಕ್ಟೋಸಮೈನ್ ಎಂಬ ಪರೀಕ್ಷೆಯುಂಟು. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ನೋಡುವುದರಿಂದ ಎರಡು ಮೂರು ವಾರಗಳ ಲೆಕ್ಕ ಕೊಡುತ್ತದೆ. ಪ್ರೋಟೀನು ಬಹಳ ಇಳಿದಿದ್ದರೆ ಅದೂ ಕೈಕೊಡುತ್ತದೆ. ಸಾಮಾನ್ಯ ಮನೆಗೆ ಬೆರಳ ತುದಿಯ ಪರೀಕ್ಷೆಯ ದಿನಚರಿಯೇ ಸಾಕು. ವೈದ್ಯರ ಬಳಿ ಹೋಗುವಾಗ ಆ ಚೀಟಿಯನ್ನು ಹಿಮೋಗ್ಲೋಬಿನ್ ವರದಿಯೊಂದಿಗೆ ಒಯ್ಯಿರಿ. ಈಚೆಗೆ ರಕ್ತ ಹೋಗಿದ್ದರೆ, ಏರಿಸಿದ್ದರೆ, ಆ ದಿನಾಂಕವನ್ನೂ ಅದರ ಮೇಲೆ ಬರೆದುಕೊಳ್ಳಿರಿ.