ಪೂರ್ವಜನ್ಮದ ನಂಟೋ, ವಯಸ್ಸಿನ ಅಂತರವೋ?

ಮೇಜಿನ ಮೇಲೆ ಹರಡಿದ್ದ ಹಾಳೆಯಲ್ಲಿ ಎರಡು ಚಕ್ರಗಳಿದ್ದವು, ಒಂದರ ಒಳಗೆ ಇನ್ನೊಂದು. ಒಳಗಿನದು ಲಂಡನ್ನಿನಲ್ಲಿರುವ ನನ್ನ ಅಕ್ಕನ ಮಗಳ ಜಾತಕ, ಹೊರಗಿನದು ಅವಳು ಮದುವೆಯಾಗಲಿರುವ ಹುಡುಗನದು. 'ಚಿಕ್ಕಮ್ಮ, ನೀನೂ ಬಾ. ನಮ್ಮೂರಿನ ಕೂಟ ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನೀನೇ ನೋಡು' ಎಂದು ಅವಳೇ ನನ್ನನ್ನು ಕರೆದುಕೊಂಡು ಹೋಗಿದ್ದಳು. ಜ್ಯೋತಿಷಿ ಅರವತ್ತು ದಾಟಿದ ಇಂಗ್ಲಿಷ್ ಹೆಂಗಸು. ಮೆಲುದನಿ, ನೋಡಿದವರಿಗೆ ಕೂಡಲೇ ವಿಶ್ವಾಸ ಹುಟ್ಟಿಸುವ ಮುಖ. ಸೂರ್ಯ, ಶುಕ್ರ, ಕುಜರ ಗೊಡವೆಗೇ ಹೋಗದೆ ಅವರು ಪೆನ್ಸಿಲ್ಲಿನ ತುದಿಯನ್ನು ಕುದುರೆ ಲಾಳದಂಥ ಒಂದು ಚಿಹ್ನೆಯ ಮೇಲೆ ಇಟ್ಟರು. ಅದು ನಾರ್ತ್ ನೋಡ್, ಅಂದರೆ ನಮ್ಮ ರಾಹು. ಹುಡುಗಿಯದು ಕುಂಭದಲ್ಲಿ ಸುಮಾರು 16 ಡಿಗ್ರಿ. ಹುಡುಗನದು ಸರಿಯಾಗಿ ಎದುರಿಗೆ, ಸಿಂಹದ 16 ಡಿಗ್ರಿಯಲ್ಲಿ. ಅವಳ ರಾಹುವಿನ ಮೇಲೆ ಅವನ ಕೇತು, ಅವನ ರಾಹುವಿನ ಮೇಲೆ ಅವಳ ಕೇತು.

'ಇದು ಕಾರ್ಮಿಕ್ ಸಂಬಂಧ' ಎಂದರು ಅವರು. 'ಈ ಜನ್ಮದಲ್ಲಿ ನೀವು ಕಲಿಯಬೇಕಾದ್ದನ್ನು ಅವರು ಹಿಂದಿನ ಜನ್ಮದಲ್ಲೇ ಕಲಿತು ಮುಗಿಸಿದ್ದಾರೆ. ಅವರು ಕಲಿಯಬೇಕಾದ್ದು ನಿಮ್ಮ ಬಳಿ ಇದೆ. ನೀವಿಬ್ಬರೂ ಹೊಸದಾಗಿ ಭೇಟಿಯಾದವರಲ್ಲ.' ಹುಡುಗಿಯ ಕಣ್ಣು ತುಂಬಿ ಬಂದಿತ್ತು. ನನ್ನ ಮನಸ್ಸು ಮಾತ್ರ ಹಾಳೆಯ ಮೂಲೆಯಲ್ಲಿ ಅಚ್ಚಾಗಿದ್ದ ಎರಡು ಜನ್ಮದಿನಾಂಕಗಳ ಮೇಲೆ ನಿಂತಿತು. ಅವಳು ಹುಟ್ಟಿದ್ದು 1990ರ ಫೆಬ್ರವರಿಯಲ್ಲಿ, ಅವನು 1980ರ ಅಕ್ಟೋಬರಿನಲ್ಲಿ. ನಡುವಿನ ಅಂತರ ಒಂಬತ್ತು ವರ್ಷ ನಾಲ್ಕು ತಿಂಗಳು. ಈ ಸಂಖ್ಯೆ ನನಗೆ ಗೊತ್ತಿದ್ದ ಸಂಖ್ಯೆ.

ರಾಹು-ಕೇತುಗಳು ಕಾಯಗಳಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಎರಡು ಬಿಂದುಗಳು ಎಂಬುದು ಓದುಗರಿಗೆ ಗೊತ್ತೇ ಇದೆ. ಚಂದ್ರನ ಪಥ ಸುಮಾರು ಐದು ಡಿಗ್ರಿಯಷ್ಟು ವಾಲಿಕೊಂಡಿದೆ. ಸೂರ್ಯನ ಸೆಳೆತದಿಂದ ಆ ವಾಲಿದ ಪಥವೇ ನಿಧಾನವಾಗಿ ಹಿಮ್ಮುಖವಾಗಿ ತಿರುಗುತ್ತದೆ. ಒಂದು ಸುತ್ತಿಗೆ 18.6 ವರ್ಷ, ವರ್ಷಕ್ಕೆ 19 ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯಸಿದ್ಧಾಂತ ಒಂದು ಮಹಾಯುಗದ 43,20,000 ವರ್ಷಗಳಿಗೆ ಪಾತದ ಸುತ್ತುಗಳು 2,32,238 ಎನ್ನುತ್ತದೆ. ಭಾಗಿಸಿ ನೋಡಿದರೆ ಅದೇ 18.6 ಬರುತ್ತದೆ. ದೂರದರ್ಶಕವಿಲ್ಲದ ಕಾಲದ ಈ ನಿಖರತೆಗೆ ನಾನು ಮನಸೋತು ಬಹಳ ಕಾಲವಾಯಿತು. ಅದರ ಅರ್ಧ 9.3 ವರ್ಷ. ಒಂಬತ್ತು ವರ್ಷ ನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿದ ಯಾವ ಇಬ್ಬರ ರಾಹುಗಳೂ ಎದುರುಬದುರಾಗಿಯೇ ಇರುತ್ತವೆ. ಅವರು ಪ್ರೇಮಿಗಳಾಗಿರಲಿ, ಪರಸ್ಪರ ಮುಖವನ್ನೇ ನೋಡದವರಾಗಿರಲಿ, ಲೆಕ್ಕ ಬದಲಾಗುವುದಿಲ್ಲ.

ಅದನ್ನೇ ಕೇಳಿದೆ. 'ಅದೇ ವಾರ ಹುಟ್ಟಿದ ಬೇರೆ ಗಂಡಸರೆಲ್ಲರಿಗೂ ಇವಳೊಡನೆ ಇದೇ ಸಂಬಂಧ ಇರಬೇಕಲ್ಲವೇ?' ಅವರು ತಪ್ಪಿಸಿಕೊಳ್ಳಲಿಲ್ಲ. 'ಇರುತ್ತದೆ. ಆದರೆ ಯಾವ ಮನೆಯಲ್ಲಿ ಎನ್ನುವುದು ಬೇರೆಯಾಗುತ್ತದೆ, ಉಳಿದ ಗ್ರಹಗಳನ್ನೂ ಸೇರಿಸಿ ಓದಬೇಕು' ಎಂದರು. ಪ್ರಾಮಾಣಿಕ ಉತ್ತರವೇ. ಲಗ್ನ ದಿನಕ್ಕೊಂದು ಸುತ್ತು ಬರುವುದರಿಂದ ಮನೆಗಳು ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತವೆ, ಜಾತಕ ಒಬ್ಬ ವ್ಯಕ್ತಿಯದಾಗುವುದು ಅಲ್ಲಿಂದಲೇ. ಆದರೆ ಹುಡುಗಿಯ ಕಣ್ಣು ತುಂಬಿಸಿದ ಮಾತು ಬಂದದ್ದು ಮನೆಗಳಿಂದ ಅಲ್ಲ. ರಾಹು ರಾಹುವಿಗೆ ಎದುರಾದದ್ದರಿಂದ ಬಂತು. ಅದರಲ್ಲಿದ್ದ ಮಾಹಿತಿ ಇಷ್ಟೇ: ಇವರಿಬ್ಬರ ನಡುವೆ ಒಂಬತ್ತು ವರ್ಷ ನಾಲ್ಕು ತಿಂಗಳ ಅಂತರವಿದೆ.

ಈ ಓದು ಪಾಶ್ಚಾತ್ಯ ಜ್ಯೋತಿಷದಲ್ಲಿ ಹಳೆಯದಲ್ಲ. 1647ರಲ್ಲಿ ವಿಲಿಯಂ ಲಿಲ್ಲಿ 'ಕ್ರಿಶ್ಚಿಯನ್ ಆಸ್ಟ್ರಾಲಜಿ' ಬರೆದಾಗ ಡ್ರ್ಯಾಗನ್ನಿನ ತಲೆ ಗುರು-ಶುಕ್ರರಂತೆ ಶುಭ, ಬಾಲ ಅದಕ್ಕೆ ವಿರುದ್ಧ ಎಂದನೇ ಹೊರತು ಜನ್ಮಾಂತರದ ಪ್ರಸ್ತಾಪವಿರಲಿಲ್ಲ. ಕರ್ಮ ಅಲ್ಲಿಗೆ ಹೋದದ್ದು ಥಿಯಾಸಫಿಯ ಮೂಲಕ, ಆ ಸೊಸೈಟಿಯ ಮುಖ್ಯಕೇಂದ್ರ ಚೆನ್ನೈನ ಅಡ್ಯಾರ್. ಇಂಗ್ಲೆಂಡಿನ ಅಲನ್ ಲಿಯೋ ಥಿಯಾಸಫಿಸ್ಟರು, ಭಾರತಕ್ಕೂ ಬಂದು ಹೋದವರು. 1913ರ ತಮ್ಮ 'ಎಸೊಟೆರಿಕ್ ಆಸ್ಟ್ರಾಲಜಿ'ಯ ಹೊತ್ತಿಗೆ ಅವರು ಜಾತಕವನ್ನು ಆತ್ಮದ ಪಯಣವಾಗಿ ಓದುತ್ತಿದ್ದರು. ಕೇತು ಹಿಂದಿನ ಜನ್ಮ, ರಾಹು ಈ ಜನ್ಮದ ಗುರಿ ಎಂಬ ಸೂತ್ರವನ್ನು ರಾಶಿಗೊಂದು ಅಧ್ಯಾಯದಂತೆ ಮನೆಮನೆಗೆ ತಲುಪಿಸಿದ್ದು 1975ರಲ್ಲಿ ಬಂದ ಮಾರ್ಟಿನ್ ಶುಲ್ಮನ್ ಅವರ ಪುಸ್ತಕ, ಆಮೇಲೆ 1997ರ ಜಾನ್ ಸ್ಪಿಲ್ಲರ್ ಅವರ 'ಆಸ್ಟ್ರಾಲಜಿ ಫಾರ್ ದ ಸೋಲ್'. ನಾವು ಕೊಟ್ಟ ಮಾತು ನಮ್ಮ ಮಕ್ಕಳಿಗೆ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಮರಳಿ ಸಿಗುತ್ತಿದೆ.

ಹೊರಡುವ ಮುಂಚೆ ಅವರು ತಮ್ಮ ಕಡತದಿಂದ ಉದಾಹರಣೆಗೆಂದು ಇನ್ನೊಂದು ಜೋಡಿಚಕ್ರ ತೆಗೆದು ತೋರಿಸಿದರು: ರಾಜ ಚಾರ್ಲ್ಸ್, ರಾಣಿ ಕ್ಯಾಮಿಲ್ಲಾ. ಇಬ್ಬರ ರಾಹುವೂ ವೃಷಭದಲ್ಲಿ, ಆದ್ದರಿಂದ ಇಬ್ಬರ ಆತ್ಮಕ್ಕೂ ಒಂದೇ ಗುರಿ, ಅದಕ್ಕೇ ಅಷ್ಟು ವರ್ಷ ಕಳೆದರೂ ಮತ್ತೆ ಸೇರಿದರು ಎಂದು ವಿವರಿಸಿದರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಎಲ್ಲರಿಗೂ ಗೊತ್ತಿರುವ ಜನ್ಮದಿನಾಂಕಗಳನ್ನು ಇಟ್ಟುಕೊಂಡು ಲೆಕ್ಕಕ್ಕೆ ಕುಳಿತೆ.

ಚಾರ್ಲ್ಸ್ ಹುಟ್ಟಿದ್ದು 1948ರ ನವೆಂಬರ್ 14. ಮಧ್ಯಮ ರಾಹು ವೃಷಭದ 4 ಡಿಗ್ರಿ. ಕ್ಯಾಮಿಲ್ಲಾ ಹುಟ್ಟಿದ್ದು 1947ರ ಜುಲೈ 17. ಮಧ್ಯಮ ರಾಹು ವೃಷಭದ 29.7 ಡಿಗ್ರಿ. ಜ್ಯೋತಿಷಿ ಹೇಳಿದ್ದು ಸರಿ, ಆದರೆ ಕೂದಲೆಳೆಯಷ್ಟರಲ್ಲಿ ಸರಿ. ಮಧ್ಯಮ ಎಂದರೆ ಸರಾಸರಿ: ರಾಹು ಒಂದೇ ವೇಗದಲ್ಲಿ ಸರಿಯುತ್ತದೆಂದು ಭಾವಿಸಿ ಮಾಡಿದ ಗಣಿತ. ನಿಜಕ್ಕೆ ಅದು ಸೂರ್ಯನ ಸೆಳೆತಕ್ಕೆ ಸಿಕ್ಕಿ ಸುಮಾರು 173 ದಿನಗಳಿಗೊಮ್ಮೆ ಆಚೀಚೆ ಓಲಾಡುತ್ತದೆ, ಒಂದೂವರೆ ಡಿಗ್ರಿಯವರೆಗೂ ವ್ಯತ್ಯಾಸ ಬರುತ್ತದೆ. ಆ ಓಲಾಟವನ್ನು ಸೇರಿಸಿದರೆ ಸಿಗುವುದು ಸ್ಫುಟ ರಾಹು. ಜ್ಯೋತಿಷದ ಬಹುತೇಕ ತಂತ್ರಾಂಶಗಳಲ್ಲಿ ಮಧ್ಯಮ ಬೇಕೋ ಸ್ಫುಟ ಬೇಕೋ ಎಂದು ಆರಿಸಿಕೊಳ್ಳಲು ಅವಕಾಶವಿದೆ. ಕ್ಯಾಮಿಲ್ಲಾ ಜಾತಕಕ್ಕೆ ಸ್ಫುಟವನ್ನು ಆರಿಸಿದರೆ ರಾಹು ವೃಷಭ ದಾಟಿ ಮಿಥುನದ ಒಂದು ಡಿಗ್ರಿಗೆ ಹೋಗಿ ಕೂರುತ್ತದೆ. ಕೇತು ವೃಶ್ಚಿಕದಿಂದ ಧನುಸ್ಸಿಗೆ ಹೋಗುತ್ತದೆ. ಪುಸ್ತಕದಲ್ಲಿ ಅಧ್ಯಾಯ ಬದಲಾಗುತ್ತದೆ, ಪೂರ್ವಜನ್ಮ ಬದಲಾಗುತ್ತದೆ, ಗುರಿಯೂ ಬದಲಾಗುತ್ತದೆ. ಚಾರ್ಲ್ಸ್ ವೃಷಭದಲ್ಲೇ ಉಳಿಯುತ್ತಾರೆ. 'ಒಂದೇ ಗುರಿ' ಎಂಬ ಮಾತಿಗೆ ಆಧಾರ ಉಳಿಯುವುದಿಲ್ಲ. ಈ ಎರಡರಲ್ಲಿ ಯಾವ ಪೂರ್ವಜನ್ಮ ಸರಿ ಎಂದು ಅನುಭವದಿಂದ ತೀರ್ಮಾನಿಸಬಹುದಾಗಿದ್ದರೆ, ಮಧ್ಯಮ-ಸ್ಫುಟದ ವಾದ ಎಂದೋ ಬಗೆಹರಿಯುತ್ತಿತ್ತು. ಎರಡೂ ಪಕ್ಷದವರು ತಮ್ಮ ತಮ್ಮ ಓದು ಹೊಂದುತ್ತದೆ ಎನ್ನುತ್ತಲೇ ಇದ್ದಾರೆ. ಎರಡು ಬೇರೆ ಬೇರೆ ವಿವರಣೆಗಳೂ ಒಬ್ಬರಿಗೇ ಹೊಂದುತ್ತವೆಯಾದರೆ, ಹೊಂದುವುದನ್ನು ಸಾಕ್ಷಿ ಎಂದು ಎಣಿಸುವಂತಿಲ್ಲ.

ಮೂರನೆಯ ಹೆಸರನ್ನು ಸೇರಿಸಿದಾಗ ನನ್ನ ಕೈ ಒಂದು ಗಳಿಗೆ ನಿಂತುಬಿಟ್ಟಿತು. ಡಯಾನಾ, 1961ರ ಜುಲೈ 1. ಮಧ್ಯಮ ರಾಹು ಸಿಂಹದ 29.7 ಡಿಗ್ರಿ. ಕ್ಯಾಮಿಲ್ಲಾ ವೃಷಭದ 29.7, ಡಯಾನಾ ಸಿಂಹದ 29.7. ನಡುವೆ ಸರಿಯಾಗಿ 90 ಡಿಗ್ರಿ, ಪಾಶ್ಚಾತ್ಯರು ಸಂಘರ್ಷದ ಕೋನವೆಂದು ಎಣಿಸುವ ಸ್ಕ್ವೇರ್. ಒಬ್ಬ ಗಂಡಸಿನ ಬಾಳಿನ ಇಬ್ಬರು ಹೆಂಗಸರು, ಇಬ್ಬರ ರಾಹುಗಳೂ ಡಿಗ್ರಿಯ ಭಾಗದವರೆಗೆ ತಾಳೆಯಾಗುವ ಸಂಘರ್ಷದಲ್ಲಿ! ಲೆಕ್ಕವನ್ನು ಬಲ್ಲ ನನಗೂ ಮೈ ಜುಮ್ಮೆಂದದ್ದು ನಿಜ. ಇಂಥ ಕ್ಷಣದಲ್ಲೇ ನಂಬಿಕೆ ಹುಟ್ಟುತ್ತದೆ, ಹಾಗಾಗಿ ಇದನ್ನು ಬಿಡಿಸಿ ನೋಡಲೇಬೇಕು. ಇಬ್ಬರ ವಯಸ್ಸಿನ ಅಂತರ ಹದಿನಾಲ್ಕು ವರ್ಷಕ್ಕೆ ಎರಡು ವಾರ ಕಡಿಮೆ. 18.6 ವರ್ಷದ ಮುಕ್ಕಾಲು ಭಾಗ ಅಷ್ಟೇ. ರಾಹು ಮುಕ್ಕಾಲು ಸುತ್ತು ತಿರುಗಿದೆ, ಆದ್ದರಿಂದ 90 ಡಿಗ್ರಿ ಬಂದಿದೆ. 1947ರ ಆ ವಾರ ಹುಟ್ಟಿದ ಯಾರನ್ನೇ ತೆಗೆದುಕೊಂಡರೂ 1961ರ ಆ ವಾರ ಹುಟ್ಟಿದ ಯಾರೊಡನೆಯೂ ಇದೇ ಕೋನ ಬರುತ್ತದೆ. ಅವರಲ್ಲಿ ತಾಯಿ-ಮಗ ಇದ್ದಾರು, ಮೇಷ್ಟ್ರು-ವಿದ್ಯಾರ್ಥಿ ಇದ್ದಾರು. ಸ್ಫುಟ ರಾಹುವಿಗೆ ಬದಲಿಸಿದರೆ ಆ ಸುಂದರ 90 ಕೂಡ ಸುಮಾರು 87ಕ್ಕೆ ಇಳಿಯುತ್ತದೆ.

ರಾಹುವಿಗೆ ರಾಹು ಬೇಡ, ಒಬ್ಬರ ರಾಹು-ಕೇತು ಇನ್ನೊಬ್ಬರ ಗ್ರಹವನ್ನು ಮುಟ್ಟುವುದನ್ನು ನೋಡಿ ಎನ್ನುವವರಿದ್ದಾರೆ. ಅಲ್ಲಿ ಬೇರೆ ತೊಡಕಿದೆ. ಹತ್ತು ಗ್ರಹ, ಲಗ್ನ, ದಶಮ ಬಿಂದು ಸೇರಿ ಹನ್ನೆರಡು. ಅವಳ ರಾಹು-ಕೇತುವಿಗೆ ಅವನ ಹನ್ನೆರಡು, ಅವನದಕ್ಕೆ ಅವಳ ಹನ್ನೆರಡು, ಒಟ್ಟು ಇಪ್ಪತ್ತನಾಲ್ಕು ಅವಕಾಶ. ಮೂರು ಡಿಗ್ರಿ ಒಳಗಿದ್ದರೆ ಮುಟ್ಟಿದಂತೆ ಎಂದು ಕಟ್ಟುನಿಟ್ಟಾಗಿ ಹಿಡಿದರೂ, ಬೀದಿಯಲ್ಲಿ ಎದುರಾದ ಯಾವ ಇಬ್ಬರ ನಡುವೆಯೂ ಒಂದಾದರೂ ಸ್ಪರ್ಶ ಸಿಗುವ ಸಂಭವ ಅರ್ಧಕ್ಕಿಂತ ಹೆಚ್ಚು. ಐದು ಡಿಗ್ರಿಗೆ ಸಡಿಲಿಸಿ ಸ್ಕ್ವೇರನ್ನೂ ಒಪ್ಪಿಕೊಂಡರೆ ಅದು ನೂರಕ್ಕೆ ತೊಂಬತ್ತನ್ನು ದಾಟುತ್ತದೆ. ಹೆಚ್ಚುಕಡಿಮೆ ಎಲ್ಲರಿಗೂ ಸಿಗುವ ಗುರುತು ಯಾವ ಜೋಡಿಯನ್ನೂ ವಿಶೇಷ ಎಂದು ಬೇರ್ಪಡಿಸಲಾರದು.

ಹಾಗಾದರೆ ನೂರಾರು ದಂಪತಿಗಳ ಜಾತಕ ತೆಗೆದು ಎಣಿಸೋಣ ಎಂದರೆ ಅಲ್ಲೂ ಎಚ್ಚರ ಬೇಕು. ಕಾರ್ಲ್ ಯೂಂಗ್ ಇಂಥದೊಂದು ಎಣಿಕೆ ಮಾಡಿ, 1952ರಲ್ಲಿ ಬಂದ ಸಿಂಕ್ರೊನಿಸಿಟಿಯ ಬರಹದಲ್ಲಿ ಪ್ರಕಟಿಸಿದರು. ರಾಹು-ಕೇತು ಅವರ ವಿಷಯವಾಗಿರಲಿಲ್ಲ, ಮುಖ್ಯವಾಗಿ ಸೂರ್ಯ, ಚಂದ್ರ, ಲಗ್ನಗಳನ್ನು ನೋಡಿದರು. ಮೊದಲ 180 ಜೋಡಿಗಳಲ್ಲಿ ಚಂದ್ರ-ಸೂರ್ಯರ ಕೂಟ ಮುಂದೆ ಬಂತು. ಆಮೇಲಿನ 220ರಲ್ಲಿ ಅದು ಹಿಂದೆ ಸರಿದು ಚಂದ್ರ-ಚಂದ್ರ ಮೇಲೆದ್ದಿತು. ಕೊನೆಯ 83ರಲ್ಲಿ ಚಂದ್ರ-ಲಗ್ನ. ಪ್ರತಿ ಕಂತಿನಲ್ಲೂ ಬೇರೆ ಬೇರೆ ಯೋಗ ಗೆಲ್ಲುತ್ತಿದ್ದರೆ, ಗೆಲ್ಲುತ್ತಿರುವುದು ಆಕಸ್ಮಿಕವೇ.

ರಾಹು-ಕೇತುವಿನ ಎಣಿಕೆಯಲ್ಲಿ ಇನ್ನೂ ಒಂದು ಗುಂಡಿ ಅಡಗಿದೆ. ಜನ ಹೆಚ್ಚಾಗಿ ತಮ್ಮ ವಯಸ್ಸಿನ ಆಸುಪಾಸಿನವರನ್ನೇ ಮದುವೆಯಾಗುತ್ತಾರೆ. ಒಂದು ವರ್ಷದೊಳಗಿನ ಅಂತರವಿದ್ದರೆ ರಾಹುಗಳು ಸುಮಾರು 19 ಡಿಗ್ರಿಯೊಳಗೇ ಇರುತ್ತವೆ. ಆದ್ದರಿಂದ ಯಾವ ಊರಿನ ಮದುವೆ ನೋಂದಣಿ ಪುಸ್ತಕ ತೆಗೆದರೂ 'ಒಂದೇ ರಾಶಿಯ ರಾಹು' ಇರುವ ದಂಪತಿಗಳು ನಿರೀಕ್ಷೆಗಿಂತ ಜಾಸ್ತಿ ಸಿಗುತ್ತಾರೆ. ಅದನ್ನು ಕರ್ಮದ ಪುರಾವೆ ಎಂದು ಯಾರಾದರೂ ಪ್ರಕಟಿಸಿದರೆ, ಅವರು ಕಂಡುಹಿಡಿದದ್ದು ಓರಗೆಯವರು ಓರಗೆಯವರನ್ನು ಮದುವೆಯಾಗುತ್ತಾರೆ ಎಂಬುದನ್ನು ಮಾತ್ರ. ನ್ಯಾಯವಾದ ಪರೀಕ್ಷೆ ಒಂದೇ. ದಂಪತಿಗಳನ್ನು ಅಷ್ಟೇ ವಯಸ್ಸಿನ ಅಂತರವಿರುವ, ಮದುವೆಯಾಗದ ಜೋಡಿಗಳೊಡನೆ ಹೋಲಿಸಬೇಕು. ಮಧ್ಯಮವೋ ಸ್ಫುಟವೋ, ಎಷ್ಟು ಡಿಗ್ರಿ, ಯಾವ ಯಾವ ಕೋನ ಎಂಬುದನ್ನು ಜಾತಕ ನೋಡುವ ಮೊದಲೇ ಬರೆದಿಡಬೇಕು. ಆದರೆ ರಾಹುವಿಗೆ ರಾಹುವನ್ನು ಹೋಲಿಸುವ ವಾದಕ್ಕೆ ಈ ಪರೀಕ್ಷೆಯಲ್ಲಿ ನಿಲ್ಲಲು ನೆಲವೇ ಇಲ್ಲ. ವಯಸ್ಸಿನ ಅಂತರವನ್ನು ಸಮ ಮಾಡಿದ ಕೂಡಲೇ ಎರಡೂ ಗುಂಪಿನ ಮಧ್ಯಮ ರಾಹುಗಳ ನಡುವಿನ ಡಿಗ್ರಿಗಳು ತಾವಾಗಿಯೇ ಸಮವಾಗುತ್ತವೆ.

ನಿಮ್ಮ ಮನೆಯ ಮಕ್ಕಳು ಯಾರಾದರೂ ಇಂಥ ಹಾಳೆ ಹಿಡಿದು ಬಂದರೆ, ಇಬ್ಬರ ಮಧ್ಯಮ ರಾಹುಗಳ ನಡುವಿನ ಡಿಗ್ರಿಗಳನ್ನು 19.3ರಿಂದ ಭಾಗಿಸಿ ಎಂದು ಹೇಳಿ. ಬರುವ ಉತ್ತರ, ಬೇಕಾದರೆ ಅದಕ್ಕೆ 18.6 ಕೂಡಿಸಿದ್ದು ಅಥವಾ 18.6ರಿಂದ ಅದನ್ನು ಕಳೆದದ್ದು, ಅವರಿಬ್ಬರ ವಯಸ್ಸಿನ ಅಂತರಕ್ಕೆ ಒಂದು ತಿಂಗಳು ಅತ್ತಿತ್ತ ತಾಳೆಯಾಗುತ್ತದೆ. ಅಷ್ಟು ತಿಳಿದ ಮೇಲೂ ಅವರು ಪರಸ್ಪರ ಒಪ್ಪಿದ್ದರೆ, ಮದುವೆಗೆ ಅದು ಕೇತುವಿಗಿಂತ ಗಟ್ಟಿಯಾದ ಆಧಾರ ಎಂದೇ ನಾನು ನಂಬಿದ್ದೇನೆ.