ಮೂತ್ರದ ಬ್ಯಾಗಿನಲ್ಲಿ ಸೋರಿಹೋಗುವ ಮಾಂಸ

ತೊಡೆಮೂಳೆ ಮುರಿದು, ಎದೆಗೂ ಪೆಟ್ಟು ಬಿದ್ದು ಐಸಿಯು ಸೇರಿದ ಮೂವತ್ತರ ಆಸುಪಾಸಿನ ಯುವಕನೊಬ್ಬನನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ತೂಕ 60 ಕಿಲೋ. ಐದು ದಿನದಿಂದ ಮೂಗಿನಲ್ಲಿ ಹಾಕಿದ ರೈಲ್ಸ್ ಟ್ಯೂಬಿನ ಮೂಲಕವೇ ಊಟ. ಮನೆಯವರು ದಿನಾ ಕೇಳುವುದು ಒಂದೇ: "ಊಟ ಸರಿಯಾಗಿ ಹೋಗ್ತಿದೆಯಾ ಸಿಸ್ಟರ್?" ಹೋಗುತ್ತಿದೆ ಎನ್ನುತ್ತಾರೆ ಸಿಸ್ಟರ್, ಅದು ನಿಜವೂ ಹೌದು. ಆದರೆ ಹೋದದ್ದು ಸಾಕಾಯಿತೇ ಎಂಬುದಕ್ಕೆ ಉತ್ತರ ಮಂಚದ ಪಕ್ಕ ತೂಗುವ ಮೂತ್ರದ ಬ್ಯಾಗಿನಲ್ಲಿದೆ.

ಪಿಷ್ಟ, ಕೊಬ್ಬುಗಳಲ್ಲಿ ಇಲ್ಲದ ಸಾರಜನಕ ಪ್ರೋಟೀನಿನಲ್ಲಿದೆ, ತೂಕದ ಸುಮಾರು ಶೇ. 16ರಷ್ಟು. ಅಂದರೆ 6.25 ಗ್ರಾಂ ಪ್ರೋಟೀನಿಗೆ ಒಂದು ಗ್ರಾಂ ಸಾರಜನಕ. ದೇಹ ಪ್ರೋಟೀನನ್ನು ಒಡೆದಾಗ ಈ ಸಾರಜನಕವನ್ನು ಯಕೃತ್ತು ಯೂರಿಯಾ ಮಾಡುತ್ತದೆ, ಮೂತ್ರಪಿಂಡ ಹೊರಗೆ ಹಾಕುತ್ತದೆ. ಒಡೆದದ್ದು ಇವತ್ತಿನ ಊಟದ ಪ್ರೋಟೀನೋ ರೋಗಿಯ ತೊಡೆಯ ಮಾಂಸವೋ ಎಂದು ಯೂರಿಯಾ ಹೇಳುವುದಿಲ್ಲ. ಅದಕ್ಕೇ ಜಮಾ-ಖರ್ಚು ಎರಡನ್ನೂ ಬರೆದು ನೋಡಬೇಕಾಗುತ್ತದೆ. 1930ರಲ್ಲಿ ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್ ಮೂಳೆ ಮುರಿದವರ ಮೂತ್ರವನ್ನು ಹೀಗೆಯೇ ಅಳೆದರು. ಪೆಟ್ಟು ಬಿದ್ದ ಜಾಗದ ಮಾಂಸವಷ್ಟೇ ಕರಗಿದ್ದರೆ ಅಷ್ಟು ಸಾರಜನಕ ಹೊರಬೀಳುವಂತಿರಲಿಲ್ಲ. ಇಡೀ ಮೈಯ ಸ್ನಾಯುಗಳೇ ಕರಗುತ್ತಿದ್ದವು.

ಆಸ್ಪತ್ರೆಗಳಲ್ಲಿ ಬಳಸುವ ಸೂತ್ರ ಚಿಕ್ಕದು:

ಸಮತೋಲನ = (ಪ್ರೋಟೀನ್ ÷ 6.25) − (ಮೂತ್ರದ ಯೂರಿಯಾ ಸಾರಜನಕ + 4)

ಎಲ್ಲವೂ ಗ್ರಾಂನಲ್ಲಿ, ಒಂದು ದಿನದ ಲೆಕ್ಕ. ಕೊನೆಯ 4 ಅಂದಾಜಿನ ಸಂಖ್ಯೆ. ಮೂತ್ರದಲ್ಲಿ ಯೂರಿಯಾ ಅಲ್ಲದ ರೂಪದಲ್ಲಿ ಹೋಗುವ ಸಾರಜನಕಕ್ಕೆ ಸುಮಾರು ಎರಡು ಗ್ರಾಂ, ಮಲ ಮತ್ತು ಚರ್ಮದಿಂದ ಹೋಗುವುದಕ್ಕೆ ಇನ್ನೆರಡು.

ಮೊದಲು ಜಮಾ. ನಮ್ಮ ಯುವಕನಿಗೆ ಬರೆದಿದ್ದ ಫೀಡ್ 1,600 ಮಿ.ಲೀ., ನೂರು ಮಿ.ಲೀ.ಗೆ 4 ಗ್ರಾಂ ಪ್ರೋಟೀನ್. ಒಟ್ಟು 64 ಗ್ರಾಂ, ಕಿಲೋಗೆ ಒಂದು ಗ್ರಾಂಗಿಂತ ತುಸು ಹೆಚ್ಚು. ಕೇಸ್‌ಶೀಟ್ ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಆದರೆ ಡಯಟಿಷಿಯನ್ ನೋಡಬೇಕಾದದ್ದು ಆರ್ಡರನ್ನಲ್ಲ, ನರ್ಸ್ ಗಂಟೆಗಂಟೆಗೆ ತುಂಬುವ ಇನ್‌ಟೇಕ್ ಚಾರ್ಟನ್ನು. ಬೆಳಿಗ್ಗೆ ಸ್ಕ್ಯಾನಿಗೆ ಕರೆದೊಯ್ಯುವಾಗ ಫೀಡ್ ನಿಲ್ಲಿಸಿದ್ದಾರೆ. ಸಂಜೆ ಹೊಟ್ಟೆ ಉಬ್ಬರಿಸಿದೆ ಎಂದು ಮತ್ತೆ ಎರಡು ಗಂಟೆ ತಡೆದಿದ್ದಾರೆ. ನಿಜಕ್ಕೂ ಹೊಟ್ಟೆಗೆ ಸೇರಿದ್ದು 1,200 ಮಿ.ಲೀ., ಪ್ರೋಟೀನ್ 48 ಗ್ರಾಂ. ಅದನ್ನು 6.25ರಿಂದ ಭಾಗಿಸಿದರೆ 7.7 ಗ್ರಾಂ ಸಾರಜನಕ. ಆರ್ಡರಿಗೂ ಹೊಟ್ಟೆಗೂ ನಡುವೆ ಹೀಗೆ ಕಾಲು ಭಾಗ ಕಳೆದುಹೋಗುವುದು ಐಸಿಯುಗಳಲ್ಲಿ ಅಪರೂಪವೇನಲ್ಲ.

ಇನ್ನು ಖರ್ಚು. ಬೆಳಿಗ್ಗೆ ಆರಕ್ಕೆ ಯೂರೋಬ್ಯಾಗ್ ಖಾಲಿ ಮಾಡಿ, ಆ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಮರುದಿನ ಬೆಳಿಗ್ಗೆ ಆರರವರೆಗೆ ಬಂದ ಪ್ರತಿ ಹನಿಯನ್ನೂ ಒಂದೇ ಕ್ಯಾನಿನಲ್ಲಿ ಕೂಡಿಡಬೇಕು. ಬಂದದ್ದು 2,400 ಮಿ.ಲೀ. ಚೆನ್ನಾಗಿ ಕಲಕಿ ಅದರಲ್ಲಿ ಸ್ವಲ್ಪವನ್ನು ಲ್ಯಾಬಿಗೆ ಕಳಿಸಿದರೆ ವರದಿ ಬರುತ್ತದೆ: ಯೂರಿಯಾ, ಡೆಸಿಲೀಟರಿಗೆ 1,200 ಮಿ.ಗ್ರಾಂ. 24 ಡೆಸಿಲೀಟರಿಗೆ 28.8 ಗ್ರಾಂ ಆಯಿತು.

ಎಡವುವುದು ಇಲ್ಲಿಯೇ. ನಮ್ಮ ಅನೇಕ ಲ್ಯಾಬುಗಳು ಕೊಡುವುದು ಯೂರಿಯಾದ ತೂಕ, ಯೂರಿಯಾದೊಳಗಿನ ಸಾರಜನಕದ್ದಲ್ಲ. ಸೂತ್ರಕ್ಕೆ ಬೇಕಾದದ್ದು ಎರಡನೆಯದು. ಯೂರಿಯಾದ ಅಣುತೂಕ 60, ಅದರಲ್ಲಿ ಸಾರಜನಕ 28, ಹಾಗಾಗಿ 0.467ರಿಂದ ಗುಣಿಸಬೇಕು. 28.8 ಗ್ರಾಂ ಆಗ 13.4 ಆಗುತ್ತದೆ. ಗುಣಿಸಲು ಮರೆತರೆ ಕೊರತೆ ದಿನಕ್ಕೆ 25 ಗ್ರಾಂ ಎಂದು ತೋರುತ್ತದೆ, ಅಂದರೆ ಮುಕ್ಕಾಲು ಕಿಲೋ ಮಾಂಸ. ಅಷ್ಟು ದೊಡ್ಡ ಅಂಕಿ ಕಂಡರೆ ರೋಗಿಯ ಬಗ್ಗೆ ಗಾಬರಿಯಾಗುವ ಮೊದಲು ವರದಿಯ ತಲೆಬರಹ ಓದುವುದು ಒಳ್ಳೆಯದು.

13.4ಕ್ಕೆ 4 ಸೇರಿಸಿದರೆ ಖರ್ಚು 17.4. ಜಮಾ 7.7. ಕೊರತೆ 9.7 ಗ್ರಾಂ. ಒಂದು ಗ್ರಾಂ ಸಾರಜನಕ ಎಂದರೆ ಸುಮಾರು 30 ಗ್ರಾಂ ಮಾಂಸ, ಹಾಗಾಗಿ ಈತ ದಿನಕ್ಕೆ 290 ಗ್ರಾಂನಷ್ಟು ಮಾಂಸ ಕಳೆದುಕೊಳ್ಳುತ್ತಿದ್ದಾನೆ.

ಈ ಅಂಕಿಯನ್ನು ನಂಬುವ ಮುನ್ನ ಎರಡು ಪರೀಕ್ಷೆ ಮಾಡಬೇಕು. ಮೊದಲನೆಯದು, ಮೂತ್ರ ಪೂರ್ತಿ ಸಂಗ್ರಹವಾಗಿದೆಯೇ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಯಾರೋ ಅಭ್ಯಾಸಬಲದಿಂದ 600 ಮಿ.ಲೀ. ಚೆಲ್ಲಿಬಿಟ್ಟಿದ್ದರೆ ಕೊರತೆ ಕೇವಲ 6.4 ಎಂದು ಬರುತ್ತಿತ್ತು. ಈ ತಪ್ಪು ಯಾವಾಗಲೂ ರೋಗಿಯ ಸ್ಥಿತಿಯನ್ನು ಇದ್ದುದಕ್ಕಿಂತ ಚೆನ್ನಾಗಿ ತೋರಿಸುತ್ತದೆ, ಅದೇ ಅಪಾಯ. ಅದೇ ಮೂತ್ರದಲ್ಲಿ ಕ್ರಿಯಾಟಿನಿನ್ ಅಳೆಸಿದರೆ ಗುಟ್ಟು ಹೊರಬೀಳುತ್ತದೆ. ಯುವಕರಲ್ಲಿ ಅದು ದಿನಕ್ಕೆ ಕಿಲೋಗೆ ಸುಮಾರು 15ರಿಂದ 25 ಮಿ.ಗ್ರಾಂ ಹೋಗಬೇಕು. ತೀರಾ ಕಡಿಮೆ ಬಂದರೆ ಮೂತ್ರ ಎಲ್ಲೋ ತಪ್ಪಿಹೋಗಿದೆ ಎಂಬ ಅನುಮಾನ ಬರಬೇಕು.

ಎರಡನೆಯದು, ಆ ದಿನ ರಕ್ತದ ಯೂರಿಯಾ ಏರಿದೆಯೇ ಎಂಬುದು. ಏರಿದ್ದರೆ ಒಡೆದ ಸಾರಜನಕದ ಒಂದು ಪಾಲು ಹೊರಗೆ ಹೋಗದೆ ಮೈಯ ನೀರಿನಲ್ಲೇ ಉಳಿದಿದೆ. 60 ಕಿಲೋದವನ ಮೈಯಲ್ಲಿ ಸುಮಾರು 36 ಲೀಟರ್ ನೀರು. ರಕ್ತದ ಯೂರಿಯಾ ಸಾರಜನಕ ಡೆಸಿಲೀಟರಿಗೆ 10 ಮಿ.ಗ್ರಾಂ ಏರಿದರೂ 3.6 ಗ್ರಾಂ ಸಾರಜನಕ ಒಳಗೇ ನಿಂತಿದೆ, ಅದನ್ನು ಖರ್ಚಿಗೆ ಕೂಡಿಸಬೇಕು. ನಮ್ಮ ಯುವಕನ ರಕ್ತದಲ್ಲಿ ಎರಡೂ ಬೆಳಿಗ್ಗೆ ಒಂದೇ ಅಂಕಿ ಬಂದಿದೆ, ಹಾಗಾಗಿ ಆ ಗೊಡವೆ ಇಲ್ಲ.

ಈಗ ಪ್ರೋಟೀನ್ ಸಾಲದು ಎಂದು ಧೈರ್ಯವಾಗಿ ಹೇಳಬಹುದು. ಆದರೆ 9.7 ಗ್ರಾಂ ಕೊರತೆಗೆ ಇನ್ನೂ 61 ಗ್ರಾಂ ಪ್ರೋಟೀನ್ ಸೇರಿಸಿದರೆ ಸೊನ್ನೆಗೆ ಬರುತ್ತದೆಂದು ಲೆಕ್ಕ ಹಾಕುವಂತಿಲ್ಲ. ದೊಡ್ಡ ಗಾಯದ ಮೊದಲ ದಿನಗಳಲ್ಲಿ ಹಾರ್ಮೋನುಗಳೇ ಸ್ನಾಯುವನ್ನು ಒಡೆಸುತ್ತಿರುತ್ತವೆ, ಎಷ್ಟು ಕೊಟ್ಟರೂ ಸಮತೋಲನ ಮೈನಸ್ಸಿನಲ್ಲೇ ಇರಬಹುದು. ಆಗ ನೋಡಬೇಕಾದದ್ದು ಕೊರತೆ ಇಳಿಯುತ್ತಿದೆಯೇ ಎಂಬುದನ್ನು. ಡಯಟಿಷಿಯನ್ ಫೀಡಿಗೆ ಪ್ರೋಟೀನ್ ಪುಡಿ ಸೇರಿಸಿ, ತಪ್ಪಿದ ಗಂಟೆಗಳ ಫೀಡನ್ನು ಆಮೇಲೆ ತುಂಬಿಸಿಕೊಡಲು ಹೇಳಿ, 90 ಗ್ರಾಂಗೆ ತರುತ್ತಾರೆ. ಕಿಲೋಗೆ ಒಂದೂವರೆ ಗ್ರಾಂ. ನಾಲ್ಕು ದಿನ ಬಿಟ್ಟು ಮತ್ತೆ ಮೂತ್ರ ಕೂಡಿಡುತ್ತಾರೆ. ಜಮಾ 14.4. ಮೂತ್ರದ ಯೂರಿಯಾ ಸಾರಜನಕ 15, ಖರ್ಚು 19. ಕೊರತೆ 4.6. ಹೆಚ್ಚಿಗೆ ಕೊಟ್ಟ 6.7 ಗ್ರಾಂ ಸಾರಜನಕದಲ್ಲಿ ಹೊರಗೆ ಹೋದದ್ದು 1.6 ಮಾತ್ರ, ಉಳಿದದ್ದು ಮೈಗೆ ದಕ್ಕಿದೆ. ಇದಕ್ಕೆ ಬದಲಾಗಿ ಯೂರಿಯಾವೂ ಅಷ್ಟೇ ಏರಿದ್ದರೆ, ಕೊಟ್ಟ ಪ್ರೋಟೀನ್ ಬರೀ ಉರಿದುಹೋಗುತ್ತಿದೆ ಎಂದರ್ಥ. ಆಗ ಕ್ಯಾಲೊರಿ ಸಾಲದೇ, ಹೊಸದಾಗಿ ಸೋಂಕು ಬಂದಿದೆಯೇ, ಸ್ಟೀರಾಯ್ಡ್ ಶುರುವಾಗಿದೆಯೇ ಎಂದು ಹುಡುಕಬೇಕೇ ಹೊರತು ಪುಡಿಯ ಚಮಚ ಏರಿಸಿ ಪ್ರಯೋಜನವಿಲ್ಲ.

ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆಗೆ 2023ರಲ್ಲಿ ದೊಡ್ಡ ಪೆಟ್ಟು ಬಿತ್ತು. ವೆಂಟಿಲೇಟರ್ ಮೇಲಿದ್ದ 1,300ರಷ್ಟು ರೋಗಿಗಳ ಎಫರ್ಟ್ ಅಧ್ಯಯನದಲ್ಲಿ ಕಿಲೋಗೆ 2.2 ಗ್ರಾಂ ಅಥವಾ ಹೆಚ್ಚಿನ ಗುರಿ ಇಟ್ಟವರು, 1.2 ಅಥವಾ ಕಡಿಮೆ ಗುರಿಯವರಿಗಿಂತ ಬೇಗ ಮನೆಗೆ ಹೋಗಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗಿದ್ದವರಿಗೆ ಕೆಡುಕೇ ಆದಂತೆ ಕಂಡಿತು. ಈ ಗುಂಪಿನವರಲ್ಲಿ ಮೂತ್ರದ ಲೆಕ್ಕವೂ ಕೈಕೊಡುತ್ತದೆ: ಮೂತ್ರಪಿಂಡ ಸೋತರೆ ಯೂರಿಯಾ ಹೊರಗೇ ಬರುವುದಿಲ್ಲ. ಯಕೃತ್ತು ಸೋತರೆ ಅದು ತಯಾರೇ ಆಗುವುದಿಲ್ಲ. ಸುಟ್ಟಗಾಯ, ತೆರೆದ ಹೊಟ್ಟೆಯ ಗಾಯ, ಭಾರಿ ಭೇದಿ ಇದ್ದವರಲ್ಲಿ ಪ್ರೋಟೀನ್ ಬೇರೆ ದಾರಿಯಿಂದ ಸೋರುವುದರಿಂದ ಆ 4 ಸಾಲದೇ ಹೋಗುತ್ತದೆ, ಡ್ರೈನಿನ ದ್ರವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಯಾಲಿಸಿಸ್ ರೋಗಿಗೆ ಯಾರಾದರೂ ಈ ಸೂತ್ರ ಹಾಕಿ 'ಕೊರತೆಯೇ ಇಲ್ಲ' ಎಂದು ಬರೆದಿದ್ದರೆ, ಆ ಸಾಲನ್ನು ಕೇಸ್‌ಶೀಟಿನಿಂದ ಹೊಡೆದುಹಾಕುವುದೇ ಸರಿ.